ಬ್ಲ್ಯಾಕ್ ಟೈ ಕೊಳ್ಳಿ, ವೈಟ್ ಟೈ ಬಾಡಿಗೆಗೆ ತನ್ನಿ

“ಸರ್, ಲಂಡನ್‌ಗೆ ಬಂದು ಮೂರು ತಿಂಗಳಾಯ್ತು. ಕಂಪನಿ ಡಿನ್ನರ್‌ಗೆ ‘ಬ್ಲ್ಯಾಕ್ ಟೈ’ ಅಂತ ಕಾರ್ಡ್ ಬಂದಿದೆ. ಜೂನ್‌ನಲ್ಲಿ ಗೆಳೆಯನ ಆಕ್ಸ್‌ಫರ್ಡ್ ಕಾಲೇಜಿನಲ್ಲಿ ಬಾಲ್ ಅನ್ನೋ ನೃತ್ಯಕೂಟ ಇದೆ, ಅದು ‘ವೈಟ್ ಟೈ’ ಅಂತೆ. ನನ್ನ ಹತ್ರ ಕಪ್ಪು ಸೂಟು, ಕಪ್ಪು ಟೈ ಇದೆ. ಸಾಕಾ? ಇನ್ನೇನು ಬೇಕು?”

ಸಾಲದು. ಕಪ್ಪು ಸೂಟಿಗೆ ಉದ್ದನೆಯ ಕಪ್ಪು ಟೈ ಕಟ್ಟಿಕೊಂಡು ಹೋದರೆ, ಯಾರದೋ ಅಂತ್ಯಕ್ರಿಯೆ ಮುಗಿಸಿ ಬಂದಿದ್ದೀರಿ ಅಂದುಕೊಳ್ಳುತ್ತಾರೆ ಇಲ್ಲಿಯವರು. ಬ್ಲ್ಯಾಕ್ ಟೈ, ವೈಟ್ ಟೈ ಅನ್ನುವುದು ತಲೆಯಿಂದ ಕಾಲವರೆಗಿನ ಇಡೀ ಸಂಜೆಯುಡುಪಿನ ಹೆಸರು, ಇಲ್ಲಿ ಟೈ ಅಂದರೆ ಕತ್ತಿನ ಬಳಿ ಚಿಟ್ಟೆಯ ಹಾಗೆ ಕಟ್ಟುವ ಬೋ ಟೈ. ಕೆಲಸಕ್ಕೆ ಸೇರಿದ ಮೇಲೆ ಬ್ಲ್ಯಾಕ್ ಟೈ ಮತ್ತೆ ಮತ್ತೆ ಬೇಕಾಗುತ್ತದೆ, ಹಾಗಾಗಿ ಅದನ್ನು ಕೊಂಡುಬಿಡಿ. ವೈಟ್ ಟೈ ಬೇಕಾಗುವುದು ಅರಮನೆಯ ಸರ್ಕಾರಿ ಔತಣ, ಸ್ಟಾಕ್‌ಹೋಮ್‌ನ ನೊಬೆಲ್ ಔತಣ, ನಿಮ್ಮ ಗೆಳೆಯನ ಕಾಲೇಜಿನಂಥ ಕೆಲವು ಬಾಲ್‌ಗಳಿಗೆ ಮಾತ್ರ. ಅದಕ್ಕೆ ಬಾಡಿಗೆ ಸಾಕು.

ಮೊದಲು ಬ್ಲ್ಯಾಕ್ ಟೈ. ಪ್ಯಾಂಟಿನಿಂದ ಶುರು ಮಾಡುತ್ತೇನೆ, ನಮ್ಮವರು ಎಡವುವುದು ಅಲ್ಲೇ. ನಾವು ಪ್ಯಾಂಟನ್ನು ಸೊಂಟದ ಮೂಳೆಯ ಮೇಲೆ ಹಾಕುತ್ತೇವೆ. ಈ ಪ್ಯಾಂಟು ಹೊಕ್ಕುಳ ಹತ್ತಿರ ನಿಲ್ಲಬೇಕು. ಬೆಲ್ಟ್ ಇಲ್ಲ, ಬೆಲ್ಟ್ ಹಾಕುವ ಪಟ್ಟಿಯೂ ಇಲ್ಲ. ಹೆಗಲ ಮೇಲಿಂದ ಬರುವ ಬ್ರೇಸಸ್ ಎಂಬ ಜೋಡಿ ಪಟ್ಟಿ ಅದನ್ನು ಎತ್ತಿ ಹಿಡಿಯುತ್ತದೆ. ಹೊರ ಹೊಲಿಗೆಯ ಉದ್ದಕ್ಕೂ ಒಂದು ರೇಷ್ಮೆ ಪಟ್ಟಿ ಇರುತ್ತದೆ, ಕಾಲ ತುದಿಯಲ್ಲಿ ಮಡಿಕೆ ಇರುವುದಿಲ್ಲ. ಮೇಲಿನ ಕೋಟು, ಅಂದರೆ ಡಿನ್ನರ್ ಜಾಕೆಟ್‌ಗೆ ಒಂದೇ ಗುಂಡಿ. ಪ್ಯಾಂಟ್ ಕೆಳಗಿಳಿದರೆ ಆ ಗುಂಡಿಯ ಕೆಳಗೆ ಬಿಳಿ ಶರ್ಟಿನ ತ್ರಿಕೋನ ಇಣುಕುತ್ತದೆ. ಉಡುಪು ತಪ್ಪಿದೆ ಅಂತ ದೂರದಿಂದಲೇ ಗೊತ್ತಾಗುವುದು ಅದರಿಂದ. ಆ ಜಾಗ ಮುಚ್ಚಲೆಂದೇ ಕಮರ್‌ಬಂಡ್ ಇರುವುದು. ನಮ್ಮ ದೇಶದ ಸೆಕೆಯಲ್ಲಿ ವೇಸ್ಟ್‌ಕೋಟ್ ಬಿಟ್ಟು ಬ್ರಿಟಿಷ್ ಸೇನಾಧಿಕಾರಿಗಳು ಹಿಡಿದುಕೊಂಡ ನಡುಕಟ್ಟು ಅದು. ಕಪ್ಪು ರೇಷ್ಮೆಯದು ತೆಗೆದುಕೊಳ್ಳಿ, ನೆರಿಗೆಯ ಬಾಯಿ ಮೇಲ್ಮುಖವಾಗಿರಲಿ. ಅದು ಬೇಡವೆನಿಸಿದರೆ ಎದೆ ತಗ್ಗಿಸಿ ಹೊಲಿದ ಕಪ್ಪು ವೇಸ್ಟ್‌ಕೋಟ್ ಹಾಕಿ. ಎರಡರಲ್ಲಿ ಒಂದು ಮಾತ್ರ.

ಜಾಕೆಟ್ ಉಣ್ಣೆಯದು, ಸಾಮಾನ್ಯವಾಗಿ ಬರಾಥಿಯಾ ಎಂಬ ಹೊಳಪಿಲ್ಲದ ನೇಯ್ಗೆ. ಬಣ್ಣ ಕಪ್ಪು, ಇಲ್ಲವೇ ಮಿಡ್‌ನೈಟ್ ಬ್ಲೂ. ವಿದ್ಯುತ್ ದೀಪದಲ್ಲಿ ಈ ನೀಲಿ ಕಪ್ಪಿಗಿಂತ ಕಪ್ಪಾಗಿ ಕಾಣುತ್ತದೆ. ಕಾಲರಿನ ಮಡಿಕೆಗೆ ರೇಷ್ಮೆಯ ಹೊದಿಕೆ ಇರುತ್ತದೆ, ನುಣುಪಾದ ಸ್ಯಾಟಿನ್ ಅಥವಾ ಸಣ್ಣ ಗೆರೆಯ ಗ್ರೋಗ್ರೇನ್. ಬೋ ಟೈಯೂ ಅದೇ ಬಗೆಯ ಬಟ್ಟೆಯದಾಗಿರಲಿ. ಮಡಿಕೆ ಮೇಲ್ಮುಖ ಚೂಪಿನ ಪೀಕ್ ಅಥವಾ ದುಂಡನೆಯ ಶಾಲ್ ಆಗಿರಬೇಕು. ಮಾಮೂಲಿ ಸೂಟಿನ ಹಾಗೆ ಕಚ್ಚು ಹಾಕಿದ್ದನ್ನೂ ಅಂಗಡಿಯವರು ಮಾರುತ್ತಾರೆ, ನಾನಾದರೆ ಕೊಳ್ಳುವುದಿಲ್ಲ.

ಶರ್ಟ್ ಬಿಳಿ ಹತ್ತಿಯದು, ಮಡಿಸಿದ ಕಾಲರಿನದು. ಎದೆಯ ಭಾಗ ನೆರಿಗೆಯದೋ, ಉಬ್ಬುಕಣ್ಣಿನ ಮಾರ್ಸೆಲ್ಲಾ ನೇಯ್ಗೆಯದೋ ಇರುತ್ತದೆ. ಮುಂದೆ ಹೊಲಿದ ಗುಂಡಿಯ ಬದಲು ತೂತಿಗೆ ಸಿಕ್ಕಿಸುವ ಕಪ್ಪು ಸ್ಟಡ್, ಮಡಿಸುವ ತೋಳಿಗೆ ಕಫ್‌ಲಿಂಕ್. ಜೇಬಿಗೆ ಬಿಳಿ ಕರವಸ್ತ್ರ, ಮೊಣಕಾಲವರೆಗಿನ ಕಪ್ಪು ಕಾಲುಚೀಲ, ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಲೆದರ್ ಇಲ್ಲವೇ ಚೆನ್ನಾಗಿ ಪಾಲಿಶ್ ಮಾಡಿದ ಸಾದಾ ಕಪ್ಪು ಆಕ್ಸ್‌ಫರ್ಡ್ ಶೂ. ಅಲ್ಲಿಗೆ ಕಂಪನಿ ಡಿನ್ನರ್ ಮುಗಿಯಿತು.

ವೈಟ್ ಟೈಗೆ ಬೇಕಾದದ್ದು ಹಿಂದೆ ಎರಡು ಬಾಲವಿರುವ ಕಪ್ಪು ಟೇಲ್‌ಕೋಟ್. ಮುಂದೆ ಅದು ಸೊಂಟಕ್ಕೇ ನಿಲ್ಲುತ್ತದೆ, ಗುಂಡಿ ಹಾಕುವಂತಿಲ್ಲ. ಪ್ಯಾಂಟಿಗೆ ಎರಡು ಪಟ್ಟಿ. ವೇಸ್ಟ್‌ಕೋಟ್, ಬೋ ಟೈ, ಶರ್ಟಿನ ಎದೆ ಮೂರೂ ಬಿಳಿ ಮಾರ್ಸೆಲ್ಲಾ. ಶರ್ಟಿನ ಎದೆಗೂ ತೋಳಿನ ತುದಿಗೂ ಗಟ್ಟಿ ಗಂಜಿ ಹಾಕಿರುತ್ತಾರೆ. ತುದಿ ಮಡಿಚಿದ ವಿಂಗ್ ಕಾಲರ್ ಬೇರೆಯೇ ಬರುತ್ತದೆ, ಅದನ್ನು ಕತ್ತಿನ ಹಿಂದೆ ಮುಂದೆ ಸ್ಟಡ್ ಹಾಕಿ ಕೂರಿಸಬೇಕು. ಎದೆಯ ಸ್ಟಡ್ಡುಗಳು ಬಿಳಿ ಅಥವಾ ಮುತ್ತಿನ ಚಿಪ್ಪಿನವು. ಶೂ ಪೇಟೆಂಟ್ ಲೆದರಿನದು. ಬಿಳಿ ಕೈಗವಸು, ರೇಷ್ಮೆ ಟಾಪ್ ಹ್ಯಾಟ್ ಸಂಪ್ರದಾಯದಲ್ಲಿವೆ, ಆದರೆ ವಿದ್ಯಾರ್ಥಿಗಳ ಬಾಲ್‌ಗೆ ಅವಕ್ಕೆ ದುಡ್ಡು ಸುರಿಯಬೇಡಿ.

ಬಾಡಿಗೆ ಅಂಗಡಿಯಲ್ಲಿ ಎಲ್ಲವನ್ನೂ ಒಟ್ಟಿಗೇ ಹಾಕಿ ಕನ್ನಡಿಯ ಮುಂದೆ ನಿಲ್ಲಿ. ಕೋಟಿನ ಮುಂಭಾಗದ ಕೆಳಗೆ ಬಿಳಿ ವೇಸ್ಟ್‌ಕೋಟ್ ಎರಡು ಬೆರಳು ಇಣುಕಿದರೂ ಅಳತೆ ಸರಿಯಿಲ್ಲ ಅಂತಲೇ ಅರ್ಥ. ಬಾಡಿಗೆಯದರಲ್ಲಿ ಇದು ಮಾಮೂಲಿ. ಮೊದಲು ಬ್ರೇಸಸ್ ಬಿಗಿ ಮಾಡಿ ಪ್ಯಾಂಟನ್ನು ಮೇಲೇರಿಸಿ, ಆಮೇಲೆ ಗಿಡ್ಡ ವೇಸ್ಟ್‌ಕೋಟ್ ಕೇಳಿ. ಪ್ಯಾಂಟನ್ನು ಕೆಳಗೇ ಬಿಟ್ಟು ವೇಸ್ಟ್‌ಕೋಟ್ ಮಾತ್ರ ಗಿಡ್ಡದು ಹಾಕಿದರೆ ನಡುವೆ ಶರ್ಟು ಹೊರಬರುತ್ತದೆ. ಎರಡೂ ಕೈ ಎತ್ತಿ, ಒಮ್ಮೆ ಕೂತು ಎದ್ದು ಮತ್ತೆ ನೋಡಿಕೊಳ್ಳಿ.

ಇಷ್ಟೆಲ್ಲ ಬೇಡವೆನಿಸಿದರೆ ನಮ್ಮ ಉಡುಪಿನಲ್ಲೇ ಹೋಗಬಹುದೇ ಅಂತ ಆತಿಥೇಯರನ್ನು ಕೇಳಿ, ಎಷ್ಟೋ ಕಡೆ ಒಪ್ಪುತ್ತಾರೆ. 2019ರಲ್ಲಿ ಅರ್ಥಶಾಸ್ತ್ರಜ್ಞ ಅಭಿಜಿತ್ ಬ್ಯಾನರ್ಜಿ ನೊಬೆಲ್ ಪ್ರಶಸ್ತಿ ಪಡೆದದ್ದು ಪಂಚೆ, ಕಪ್ಪು ಬಂದ್‌ಗಲಾದಲ್ಲೇ.

ಬೋ ಟೈ ಮಾತ್ರ ಕೊಕ್ಕೆ ಸಿಕ್ಕಿಸುವುದು ಬೇಡ, ಕೈಯಲ್ಲಿ ಕಟ್ಟುವುದನ್ನೇ ಕೊಳ್ಳಿ. ಗಂಟು ಶೂ ಲೇಸಿನದೇ. ಮೊದಲು ಮೊಣಕಾಲ ಮೇಲೆ ತೊಡೆಗೆ ಸುತ್ತಿ ಕಟ್ಟಿ ಅಭ್ಯಾಸ ಮಾಡಿ, ಕೈಗೆ ಕೂತ ಮೇಲೆ ಕತ್ತಿಗೆ ಕಟ್ಟಿಕೊಳ್ಳಿ. ಎರಡು ಕಿವಿ ಒಂದೇ ಸಮ ಬರದಿದ್ದರೆ ಹಾಗೇ ಬಿಡಿ, ಕೈಯಲ್ಲಿ ಕಟ್ಟಿದ್ದು ಅಂತ ಗೊತ್ತಾಗುವುದೇ ಅದರಿಂದ.