ಬಾಡಿಗೆ ಮನೆಯ ಆದಾಯ ತೆರಿಗೆ: ಸುಣ್ಣಬಣ್ಣದ ಖರ್ಚು ಕಳೆಯಬಹುದೇ?

ಪ್ರಶ್ನೆ: ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿರುವ ಮನೆಯನ್ನು ತಿಂಗಳಿಗೆ 15,000 ರೂಪಾಯಿಗೆ ಬಾಡಿಗೆ ಕೊಟ್ಟಿದ್ದೇನೆ. ಎರಡು ವರ್ಷದ ಕಂದಾಯ 10,000 ಈ ವರ್ಷ ಒಟ್ಟಿಗೆ ಕಟ್ಟಿದೆ. ಸುಣ್ಣಬಣ್ಣಕ್ಕೆ 40,000 ಹೋಯಿತು. ಸಾಲದ ಕಂತು ವರ್ಷಕ್ಕೆ 2,64,000, ಅದರಲ್ಲಿ ಬಡ್ಡಿ 1,90,000. ನನಗೆ ಸಂಬಳವೂ ಇದೆ. ಏನೇನು ಕಳೆಯಬಹುದು?

ಉತ್ತರ: ಸುಣ್ಣಬಣ್ಣದ ರಸೀದಿಯನ್ನು ಮೊದಲು ಬದಿಗಿಡಿ. ದುರಸ್ತಿಗೆ ನೀವು ಎಷ್ಟೇ ಖರ್ಚು ಮಾಡಿ, ಒಂದು ರೂಪಾಯಿಯನ್ನೂ ಮಾಡದಿರಿ, ಸರ್ಕಾರ ಕೊಡುವುದು ಶೇ 30ರಷ್ಟು ಕಡಿತ ಮಾತ್ರ. ಅದಕ್ಕೆ ಬಿಲ್ ಬೇಕಿಲ್ಲ. ಮಲೆನಾಡಿನ ಮಳೆಗೆ ಗೋಡೆ ವರ್ಷವರ್ಷವೂ ಪಾಚಿಗಟ್ಟುತ್ತದೆ ಎಂದು ಹೆಚ್ಚು ಕೇಳಿದರೂ ಸಿಗುವುದಿಲ್ಲ.

ಎಡವುವುದು ಲೆಕ್ಕದ ಕ್ರಮದಲ್ಲಿ. ವರ್ಷದ ಬಾಡಿಗೆ 1,80,000ದಿಂದ ಮೊದಲು ಕಂದಾಯ ಕಳೆಯಬೇಕು, ಉಳಿಯುವುದು 1,70,000. ಶೇ 30 ಹಾಕುವುದು ಈ ಮೊತ್ತದ ಮೇಲೆ: 51,000. ಅನೇಕರು ಪೂರ್ತಿ ಬಾಡಿಗೆಯ ಮೇಲೆ ಹಾಕಿ 54,000 ಬರೆದುಬಿಡುತ್ತಾರೆ. ಈಗ ಉಳಿದದ್ದು 1,19,000.

ಕಂದಾಯ ಯಾವ ವರ್ಷದ್ದು ಎಂಬುದಲ್ಲ, ಯಾವ ವರ್ಷ ಕಟ್ಟಿದಿರಿ ಎಂಬುದು ಮುಖ್ಯ. ಆದ್ದರಿಂದ ನಿಮ್ಮ ಹಳೆಯ ಬಾಕಿಯೂ ಈ ವರ್ಷದ ಲೆಕ್ಕಕ್ಕೇ ಬರುತ್ತದೆ. ನಾನು ಒಮ್ಮೆ ಮಾರ್ಚ್ ಕೊನೆಯಲ್ಲಿ ಕಟ್ಟಬೇಕಿದ್ದ ಬಾಕಿಯನ್ನು ಸೋಮಾರಿತನದಿಂದ ಏಪ್ರಿಲ್‌ಗೆ ತಳ್ಳಿ, ಅದನ್ನು ಹಿಂದಿನ ವರ್ಷದ ರಿಟರ್ನ್‌ನಲ್ಲಿ ತೋರಿಸಿದ್ದೆ. ರಸೀದಿಯ ದಿನಾಂಕ ನೋಡಿದಾಗ ತಪ್ಪು ತಿಳಿದು, ಪರಿಷ್ಕೃತ ರಿಟರ್ನ್ ಹಾಕಬೇಕಾಯಿತು. ಇನ್ನೊಂದು ಮಾತು: ಕಂದಾಯವನ್ನು ಬಾಡಿಗೆದಾರರು ತಮ್ಮ ಜೇಬಿನಿಂದ ಕಟ್ಟುವ ಒಪ್ಪಂದವಿದ್ದರೆ ನೀವು ಅದನ್ನು ಕಳೆಯುವಂತಿಲ್ಲ. ನಗರಸಭೆಯ ರಸೀದಿ ಮನೆಯ ಮಾಲೀಕರ ಹೆಸರಿನಲ್ಲೇ ಬರುತ್ತದೆ, ಆದರೆ ಹಣ ಯಾರದ್ದು ಎಂಬುದೇ ಪ್ರಶ್ನೆ.

ಇನ್ನು ಸಾಲ. ಕಂತು ಪೂರ್ತಿ ಅಲ್ಲ, ಬಡ್ಡಿಯ ಭಾಗ ಮಾತ್ರ ಇಲ್ಲಿಗೆ ಬರುತ್ತದೆ. ಅಸಲಿನ 74,000 ಈ ಲೆಕ್ಕಕ್ಕೆ ಸೇರದು. ಬ್ಯಾಂಕಿನಿಂದ ಬಡ್ಡಿ ಪ್ರಮಾಣಪತ್ರ ತೆಗೆದುಕೊಂಡು ಅದರಲ್ಲಿರುವ ಸಂಖ್ಯೆಯನ್ನೇ ಬರೆಯಿರಿ. ಬಾಡಿಗೆ ಕೊಟ್ಟ ಮನೆಗೆ ಬಡ್ಡಿಯ ಕಡಿತಕ್ಕೆ ಮಿತಿಯಿಲ್ಲ. 1,19,000ದಿಂದ 1,90,000 ಕಳೆದರೆ 71,000 ನಷ್ಟ.

ಆ ನಷ್ಟ ಎಲ್ಲಿಗೆ ಹೋಗುತ್ತದೆ ಎಂಬುದು ನೀವು ಆರಿಸುವ ಪದ್ಧತಿಯ ಮೇಲಿದೆ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 2,00,000ದ ಮಿತಿಯೊಳಗೆ ಅದನ್ನು ಸಂಬಳದಿಂದ ಕಳೆಯಬಹುದು. ನಿಮಗೆ 71,000 ಪೂರ್ತಿ ಸಿಗುತ್ತದೆ. ಹೊಸ ಪದ್ಧತಿಯಲ್ಲಿಯೂ ಶೇ 30, ಕಂದಾಯ, ಬಡ್ಡಿ ಎಲ್ಲ ಇವೆ, ಬಾಡಿಗೆ ಆದಾಯ ಸೊನ್ನೆಯಾಗುತ್ತದೆ, ಆದರೆ ನಷ್ಟ ಸಂಬಳವನ್ನು ಮುಟ್ಟುವುದಿಲ್ಲ. ನೀವು ಏನನ್ನೂ ಆರಿಸದಿದ್ದರೆ ಈಗ ತಾನಾಗಿ ಅನ್ವಯವಾಗುವುದು ಹೊಸದೇ. ಹಾಗೆಂದು ಈ 71,000ಕ್ಕಾಗಿಯೇ ಹಳೆಯದಕ್ಕೆ ಹಾರಬೇಡಿ. ಹೊಸದರಲ್ಲಿ ದರಗಳು ಕಡಿಮೆ. ಎರಡರಲ್ಲೂ ಒಟ್ಟು ತೆರಿಗೆ ಹಾಕಿ ನೋಡಿ, ಆಮೇಲೆ ಗಡುವಿನೊಳಗೆ ರಿಟರ್ನ್ ಸಲ್ಲಿಸಿ. ತಡವಾದರೆ ಹಳೆಯದನ್ನು ಆರಿಸುವ ಅವಕಾಶವೂ ಹೋಗುತ್ತದೆ.