ಜ್ವರದ ಎರಡು ದಿನಕ್ಕೆ ಕ್ಲಾಸ್ ಟೀಚರ್‌ಗೆ ಏನಂತ ಬರೆಯುವುದು?

ಪ್ರಶ್ನೆ: ಮಗಳು 5ನೇ ಕ್ಲಾಸು, ಮಂಡ್ಯದಲ್ಲಿ ಓದ್ತಾಳೆ. ಜ್ವರ ಬಂದು ಸೋಮವಾರ, ಮಂಗಳವಾರ ಶಾಲೆಗೆ ಹೋಗಲಿಲ್ಲ. ನಾಳೆ ಹೋಗುವಾಗ ಕ್ಲಾಸ್ ಟೀಚರ್‌ಗೆ ಲೀವ್ ಲೆಟರ್ ಕೊಡಬೇಕಂತೆ. ಕನ್ನಡದಲ್ಲಿ ಹೇಗೆ ಬರೆಯಲಿ? ಡಾಕ್ಟರ್ ಚೀಟಿನೂ ಇಡಬೇಕಾ?

ಉತ್ತರ: ನಾನು ಇದೇ ಮಂಡ್ಯದಲ್ಲಿ ಕ್ಲಾಸ್ ಟೀಚರ್. ಇಂಥ ಕಾಗದಗಳನ್ನು ಓದಿ ಫೈಲಿಗೆ ಹಾಕುವುದು ನನ್ನ ಬೆಳಗಿನ ಕೆಲಸಗಳಲ್ಲಿ ಒಂದು. ಆ ಕಡೆಯಿಂದ ಹೇಳ್ತೀನಿ.

ನೀವು ಬರೆಯುತ್ತಿರುವುದು ರಜೆ ಕೇಳುವ ಅರ್ಜಿ ಅಲ್ಲ. ರಜೆ ಆಗಲೇ ಆಗಿಹೋಗಿದೆ. ಮಗು ಯಾಕೆ ಬರಲಿಲ್ಲ, ಈಗ ಹೇಗಿದೆ ಅಂತ ತಿಳಿಸುವ ಕಾಗದ ಇದು. ಆದರೆ ಹೆಚ್ಚಿನವರು ಮಕ್ಕಳ ವ್ಯಾಕರಣ ಪುಸ್ತಕದಲ್ಲಿರುವ ರಜಾ ಅರ್ಜಿಯನ್ನೇ ನೋಡಿ ಇಳಿಸಿಬಿಡ್ತಾರೆ. ಅದು ವಿದ್ಯಾರ್ಥಿ ಬರೆಯುವ ಅರ್ಜಿ. ಹಾಗಾಗಿ ‘ನನಗೆ ಜ್ವರ ಬಂದಿರುವುದರಿಂದ ಎರಡು ದಿನ ರಜೆ ನೀಡಬೇಕೆಂದು ಕೋರುತ್ತೇನೆ, ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಅಂತಿರುತ್ತೆ, ಕೆಳಗೆ ಅಪ್ಪನ ಸಹಿ! ಜ್ವರ ಯಾರಿಗೆ ಬಂತು ಅಂತ ಸ್ಟಾಫ್ ರೂಮಿನಲ್ಲಿ ನಗು ಶುರುವಾಗುತ್ತೆ. ‘ರಜೆ ಕೋರಿ’ ಅನ್ನುವ ಜಾಗದಲ್ಲಿ ‘ಗೈರುಹಾಜರಿಯ ಕುರಿತು’ ಅಂತ ಹಾಕಿ. ‘ಬರಲು ಆಗುವುದಿಲ್ಲ’ ಬದಲು ‘ಬರಲು ಆಗಲಿಲ್ಲ’ ಅನ್ನಿ. ಅರ್ಧ ಕೆಲಸ ಅಲ್ಲೇ ಮುಗೀತು.

ಒಂದು ಮಾದರಿ ಕೊಡ್ತೀನಿ. ಹೆಸರು, ತಾರೀಖು ಎಲ್ಲ ಸುಮ್ನೆ ಹಾಕಿದ್ದು, ನಿಮ್ಮದು ಬದಲಾಯಿಸಿಕೊಳ್ಳಿ.

ಮಂಡ್ಯ
ದಿನಾಂಕ: 16-07-2025

ಇವರಿಗೆ,
ತರಗತಿ ಶಿಕ್ಷಕಿಯವರು,
5ನೇ ತರಗತಿ, ‘ಎ’ ವಿಭಾಗ,
(ಶಾಲೆಯ ಹೆಸರು)

ಮಾನ್ಯರೇ,

ವಿಷಯ: ಜ್ವರದ ಕಾರಣ ನನ್ನ ಮಗಳ ಎರಡು ದಿನಗಳ ಗೈರುಹಾಜರಿಯ ಕುರಿತು.

ತಮ್ಮ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಸಿಂಚನಳಿಗೆ (ಹಾಜರಿ ಸಂಖ್ಯೆ 23) ಭಾನುವಾರ ರಾತ್ರಿಯಿಂದ ಜ್ವರ ಇತ್ತು. ಆದ್ದರಿಂದ 14-07-2025 ಸೋಮವಾರ ಮತ್ತು 15-07-2025 ಮಂಗಳವಾರ ಅವಳು ಶಾಲೆಗೆ ಬರಲು ಆಗಲಿಲ್ಲ. ಸೋಮವಾರ ವೈದ್ಯರಿಗೆ ತೋರಿಸಿದೆವು. ಮಂಗಳವಾರ ಬೆಳಿಗ್ಗೆಯಿಂದ ಜ್ವರವಿಲ್ಲ, ಜ್ವರದ ಔಷಧಿಯನ್ನೂ ಕೊಟ್ಟಿಲ್ಲ. ಆದರೆ ಸುಸ್ತು ಇದೆ. ಈ ವಾರ ಆಟದ ಅವಧಿಯಲ್ಲಿ ಅವಳನ್ನು ಕೂರಿಸಬೇಕೆಂದು ಕೋರುತ್ತೇನೆ.

ಸೋಮವಾರ ನಡೆದ ಗಣಿತದ ಕಿರುಪರೀಕ್ಷೆಯನ್ನು ಅವಳು ಬರೆದಿಲ್ಲ. ತಮಗೆ ಅನುಕೂಲವಾದ ದಿನ ಬರೆಸಬಹುದೇ ಎಂದು ದಯವಿಟ್ಟು ತಿಳಿಸಿ. ಶಾಲೆಯಲ್ಲಿ ಮತ್ತೆ ಜ್ವರ ಬಂದರೆ ಕೆಳಗಿನ ನಂಬರಿಗೆ ಫೋನ್ ಮಾಡಿ, ಬಂದು ಕರೆದುಕೊಂಡು ಹೋಗುತ್ತೇವೆ.

ವಂದನೆಗಳೊಂದಿಗೆ,
ಇಂತಿ ತಮ್ಮ ವಿಶ್ವಾಸಿ,
(ಸಹಿ, ಹೆಸರು)
ಸಿಂಚನಳ ತಾಯಿ
ಫೋನ್: ________

ಇಷ್ಟೇ ಸಾಕು. ‘ಎರಡು ದಿನ’ ಅಂತ ಮಾತ್ರ ಬರೆದರೆ ನಾನು ಹಾಜರಿ ಪುಸ್ತಕ ತೆಗೆದು ಯಾವ ಎರಡು ದಿನ ಅಂತ ಹುಡುಕಬೇಕಾಗುತ್ತೆ. ತಾರೀಖು, ವಾರ ಎರಡೂ ಇದ್ದರೆ ಆ ಗೊಂದಲ ಇರಲ್ಲ. ಇನ್ನೊಂದು ಮಾತು: ಲೆಟರ್ ಕೊಟ್ಟ ಮಾತ್ರಕ್ಕೆ ಆ ದಿನಗಳು ಹಾಜರಿ ಆಗಲ್ಲ. ಗೈರು ಗೈರೇ. ಕಾರಣ ಏನು ಅನ್ನೋದು ದಾಖಲೆಗೆ ಸೇರುತ್ತೆ, ಅಷ್ಟೇ. 5ನೇ ಕ್ಲಾಸಿಗೆ ಎರಡು ದಿನದಿಂದ ಏನೂ ಆಗಲ್ಲ ಬಿಡಿ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 75 ಹಾಜರಿ ಬೇಕು, ಅಲ್ಲಿ ಲೆಕ್ಕ ಬಿಗಿ.

ನಾನು ಮೊದಲು ಕಣ್ಣಾಡಿಸೋದು ‘ಈಗ ಜ್ವರವಿಲ್ಲ, ಔಷಧಿಯನ್ನೂ ಕೊಟ್ಟಿಲ್ಲ’ ಅನ್ನುವ ಸಾಲಿಗೆ. ಪ್ಯಾರಾಸಿಟಮಾಲ್ ಕೆಲಸ ಮಾಡೋದು ನಾಲ್ಕರಿಂದ ಆರು ಗಂಟೆ. ಬೆಳಿಗ್ಗೆ ಎಂಟಕ್ಕೆ ಸಿರಪ್ ಕುಡಿಸಿ ಕಳಿಸಿದ ಮಗು ಪ್ರಾರ್ಥನೆಯಲ್ಲಿ ಚೆನ್ನಾಗೇ ನಿಂತಿರುತ್ತೆ. ಊಟದ ಬೆಲ್ ಆಗುವ ಹೊತ್ತಿಗೆ ಕೆನ್ನೆ ಕೆಂಪಗಾಗುತ್ತೆ, ತಟ್ಟೆ ಮುಟ್ಟಲ್ಲ, ಮಧ್ಯಾಹ್ನದ ಮೊದಲ ಪೀರಿಯಡ್‌ನಲ್ಲಿ ಬೆಂಚಿಗೆ ತಲೆ ಇಟ್ಟು ಮಲಗಿಬಿಡುತ್ತೆ. ಹಣೆ ಮುಟ್ಟಿದರೆ ಸುಡ್ತಿರುತ್ತೆ. ಔಷಧಿ ಇಲ್ಲದೆ 24 ಗಂಟೆ ಜ್ವರ ಬರದೇ ಇದ್ದರೆ ಮಾತ್ರ ಕಳಿಸಿ. ಬ್ಯಾಗಿನಲ್ಲಿ ಮಾತ್ರೆ ಇಟ್ಟು ‘ಮಧ್ಯಾಹ್ನ ಮಿಸ್ ಕೈಲಿ ಕೇಳಿ ತಗೋ’ ಅಂತ ಹೇಳಿ ಕಳಿಸೋದೂ ಬೇಡ. ಮಧ್ಯಾಹ್ನ ಮಾತ್ರೆ ಬೇಕು ಅಂದ್ರೆ ಆ ಮಗು ಇನ್ನೂ ಒಂದು ದಿನ ಮನೆಯಲ್ಲೇ ಇರಬೇಕು.

ಡಾಕ್ಟರ್ ಚೀಟಿ ವಿಷಯ. ಎರಡು ದಿನದ ಮಾಮೂಲಿ ಜ್ವರಕ್ಕೆ ಸಾಮಾನ್ಯವಾಗಿ ಪೋಷಕರ ಕಾಗದವೇ ಸಾಕು. ಕೆಲವು ಶಾಲೆಗಳ ಡೈರಿಯಲ್ಲಿ ಬೇರೆ ನಿಯಮ ಇರುತ್ತೆ, ಒಮ್ಮೆ ಅದನ್ನು ನೋಡಿಕೊಳ್ಳಿ. ಪರೀಕ್ಷೆ ತಪ್ಪಿದ್ದರೆ ಚೀಟಿಯ ಜೆರಾಕ್ಸ್ ಪಿನ್ ಮಾಡಿ, ಒರಿಜಿನಲ್ ನಿಮ್ಮ ಹತ್ತಿರವೇ ಇರಲಿ. ಮೈಮೇಲೆ ಗುಳ್ಳೆ ಎದ್ದಿದ್ದರೆ ಮಾತ್ರ ಡಾಕ್ಟರ್ ಒಪ್ಪಿಗೆ ಪಡೆದೇ ಕಳಿಸಿ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಯೂ ಒಣಗಿ ಹಕ್ಕು ಕಟ್ಟುವವರೆಗೆ ಮಗು ಶಾಲೆಗೆ ಬರಬಾರದು.

ಮಳೆಗಾಲದಲ್ಲಿ ಜ್ವರ ಅಂದ ತಕ್ಷಣ ನಮಗೆ ಡೆಂಗಿಯ ಭಯ. ರಕ್ತ ಪರೀಕ್ಷೆ ಮಾಡಿಸಿದ್ದರೆ ಫಲಿತಾಂಶವನ್ನು ಒಂದು ಸಾಲಿನಲ್ಲಿ ಬರೆಯಿರಿ. ಮಾಡಿಸದಿದ್ದರೆ ‘ಡೆಂಗಿ ಇರಬಹುದು’ ಅಂತ ಬರೆಯಬೇಡಿ, ‘ಜ್ವರ’ ಅಂತಿದ್ದರೆ ಸಾಕು. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಅಪಾಯ ಜಾಸ್ತಿ. ಮಗು ಹುಷಾರಾಯ್ತು ಅಂತ ಶಾಲೆಗೆ ಕಳಿಸುವ ದಿನಗಳೂ ಅವೇ. ತೀರಾ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಲ್ಲಿ ಅಥವಾ ಮೂಗಲ್ಲಿ ರಕ್ತ, ಮಂಕು ಕಂಡರೆ ಕಾಯುವ ಹಾಗಿಲ್ಲ, ಆಸ್ಪತ್ರೆಗೇ ಹೋಗಬೇಕು. ಎರಡು ದಿನ ಜ್ವರ ಇತ್ತು ಅಂತ ಕಾಗದದಲ್ಲಿ ಓದಿದ್ದರೆ, ಮಗು ಹೊಟ್ಟೆನೋವು ಅಂದಾಗ ‘ಊಟ ಜಾಸ್ತಿ ಆಯ್ತೇನೋ’ ಅಂತ ನಾವು ಸುಮ್ಮನಿರಲ್ಲ.

ಅಂದ ಹಾಗೆ, ನಿಮ್ಮ ವಿಷಯದಲ್ಲಿ ಅಲ್ಲ, ಸಾಮಾನ್ಯವಾಗಿ ಹೇಳ್ತಿದ್ದೀನಿ: ಮದುವೆಗೆ ಹೋಗಿದ್ದರೆ ಮದುವೆ ಅಂತಲೇ ಬರೆಯಿರಿ. ‘ಜ್ವರ’ ಅಂತ ಕಾಗದ ಕೊಡುವ ಮಗುವಿನ ಕೈಯಲ್ಲಿ ಮೊಣಕೈವರೆಗೂ ಮೆಹಂದಿ ಇರುತ್ತೆ. ಕೇಳೋದೂ ಬೇಡ, ತಾನಾಗೇ ‘ಮಿಸ್, ಮಳವಳ್ಳಿಗೆ ಹೋಗಿದ್ವಿ’ ಅಂತ ಶುರು ಮಾಡುತ್ತೆ.

ಕಾಗದಕ್ಕೆ ನೋಟ್‌ಬುಕ್ಕಿನ ಒಂದು ಹಾಳೆ ಸಾಕು, ಟೈಪ್ ಮಾಡಿಸುವುದೇನೂ ಬೇಡ. ಸಹಿ ಮಾತ್ರ ಪ್ರೋಗ್ರೆಸ್ ಕಾರ್ಡಿನಲ್ಲಿ ಯಾರು ಹಾಕಿದ್ದಾರೋ ಅವರದ್ದೇ ಇರಲಿ, ಅನುಮಾನ ಬಂದರೆ ನಾವು ಹೋಲಿಸಿ ನೋಡ್ತೀವಿ. ಊಟದ ಬ್ಯಾಗಿಗೆ ಹಾಕಬೇಡಿ, ಸಾರು ಚೆಲ್ಲಿ ಹಳದಿಯಾಗಿ ಬರುತ್ತೆ. ಡೈರಿಗೆ ಪಿನ್ ಮಾಡಿ. ಕೊನೆಯಲ್ಲಿ ಬರೆಯುವ ಫೋನ್ ನಂಬರು ಹಗಲು ಹೊತ್ತಿನಲ್ಲಿ ಎತ್ತುವವರದ್ದಾಗಿರಲಿ. ಅಪ್ಪ ಫ್ಯಾಕ್ಟರಿಯಲ್ಲಿ ಫೋನ್ ಲಾಕರಿನಲ್ಲಿಟ್ಟು ಕೆಲಸ ಮಾಡುವವರಾದರೆ ಅಜ್ಜಿಯ ನಂಬರ್ ಕೊಡಿ.