ಗಾಯದ ಹುಳ ತೆಗೆದು ನೆಲಕ್ಕೆ ಬಿಸಾಡಬೇಡಿ

"ಹಸುವಿನ ಕೊಂಬಿನ ಬುಡದಲ್ಲಿ ಗಾಯಕ್ಕೆ ಹುಳ ಬಿದ್ದಿದೆ. ಫಿನಾಯಿಲ್ ಸುರಿದು ಕಡ್ಡಿಯಲ್ಲಿ ಕೆದಕಿ ತೆಗೆದೆ. ನಾಲ್ಕೇ ದಿನಕ್ಕೆ ಮತ್ತೆ ಬಂತು. ಅಮೆರಿಕದಲ್ಲಿ ಬಂಜೆ ನೊಣ ಬಿಡ್ತಾರಂತೆ, ನಮ್ಮಲ್ಲಿ ಸಿಗುತ್ತಾ?"

ಅಣ್ಣ, ಕೆದಕಿದ್ದೇ ತಪ್ಪು. ಈ ಹುಳ ತಲೆ ಕೆಳಗೆ ಮಾಡಿ ಮಾಂಸದೊಳಗೆ ಕೂತಿರುತ್ತದೆ. ಬಾಲದ ತುದಿ ಮೇಲಿದ್ದು ಅಲ್ಲಿಂದಲೇ ಉಸಿರಾಡುತ್ತದೆ. ಕಡ್ಡಿ ತಾಗಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಫಿನಾಯಿಲ್ ಅಂತೂ ಒಳ್ಳೆ ಮಾಂಸವನ್ನೂ ಸುಡುತ್ತದೆ. ಈ ಪ್ರಶ್ನೆಗೆ ಪೆಟ್ರೋಲ್ ಹಾಕಿ ಅಂತ ಉತ್ತರ ಬರೆದವರು ದಯವಿಟ್ಟು ಆ ಸಲಹೆ ಅಳಿಸಿಬಿಡಿ.

ನಾನೂ ಇದನ್ನೇ ಮಾಡಿದ್ದೆ. ಕರುವಿನ ಹೊಕ್ಕುಳಲ್ಲಿ ಹುಳ. ಗಾಯದ ಬಾಯಿ ಕಡಲೆಬೇಳೆಯಷ್ಟು, ಒಳಗೆ ಹೆಬ್ಬೆರಳು ಹೋಗುವಷ್ಟು ಗುಂಡಿ. ಚಿಮಟದಲ್ಲಿ ಸಿಕ್ಕಿದ್ದನ್ನು ಎಳೆದು ಕೊಟ್ಟಿಗೆ ಪಕ್ಕದ ತಿಪ್ಪೆಗೆ ಎಸೆದೆ. ಕರು ಉಳಿಯಿತು, ನಾನು ಬೀಗಿದೆ. ಸುಮಾರು ಮೂರು ವಾರಕ್ಕೆ ಎಮ್ಮೆಯ ಉಣ್ಣೆ ಕಚ್ಚಿದ ಜಾಗದಲ್ಲಿ ಮತ್ತೆ ಹುಳ! ಅದೇ ಹುಳದ ನೊಣ ಅಂತ ಸಾಬೀತು ಮಾಡೋಕೆ ಆಗಲ್ಲ. ಆದರೆ ಲೆಕ್ಕ ಕೂಡುತ್ತದೆ. ಐದಾರು ದಿನ ಗಾಯದಲ್ಲಿ ಬೆಳೆದ ಹುಳ ತಾನಾಗಿ ಉದುರಿ ಮಣ್ಣಿಗಿಳಿಯುತ್ತದೆ, ಗೂಡಾಗುತ್ತದೆ, ಬಿಸಿ ಹವೆಯಲ್ಲಿ ವಾರ ಹತ್ತು ದಿನಕ್ಕೆ ನೊಣವಾಗುತ್ತದೆ, ಆ ನೊಣ ಕೂಡಿ ಮೊಟ್ಟೆ ಇಡಲು ಇನ್ನಷ್ಟು ದಿನ. ನಾನೇ ಕೈಯಾರೆ ಮಣ್ಣಿಗೆ ಹಾಕಿದ್ದೆ.

ಈಗ ಟರ್ಪೆಂಟೈನ್ ಎಣ್ಣೆಯಲ್ಲಿ ಗಾಜ್ ಬಟ್ಟೆ ಅದ್ದಿ, ಹಿಂಡಿ, ಗುಂಡಿಗೆ ಸಡಿಲವಾಗಿ ತುರುಕುತ್ತೇನೆ. ಉಸಿರು ಕಟ್ಟಿ ಹುಳ ಮೇಲೆ ಬರುತ್ತವೆ. ಹತ್ತು ನಿಮಿಷಕ್ಕೆ ಬಟ್ಟೆ ತೆಗೆದು ಒಂದೊಂದಾಗಿ ಹಿಡಿದು ಸೀಮೆಎಣ್ಣೆ ಅಥವಾ ಕುದಿನೀರಿನ ಡಬ್ಬಿಗೆ ಹಾಕುತ್ತೇನೆ. ಆಮೇಲೆ ಉಪ್ಪುನೀರಲ್ಲಿ ತೊಳೆದು ಪೊವಿಡೋನ್ ಅಯೋಡಿನ್. ಮಾರನೇ ದಿನ ಮತ್ತೆ, ಮೂರನೇ ದಿನ ಮತ್ತೆ ನೋಡಲೇಬೇಕು, ಸಣ್ಣವು ಮೊದಲ ಸಲ ಸಿಗಲ್ಲ. ನೀರು ನೀರಾದ ರಕ್ತ ಸೋರುತ್ತಲೇ ಇದ್ದರೆ, ಒಂಥರಾ ನಾತ ಹೋಗದಿದ್ದರೆ, ಒಳಗೆ ಇನ್ನೂ ಇದೆ ಅಂತಲೇ ಅರ್ಥ. ಗಾಯದ ಅಂಚಿಗೆ ಬಿಳಿ ಮೊಟ್ಟೆ ಗುಂಪು ಅಂಟಿದ್ದರೆ ಒರೆಸಿ ಅದನ್ನೂ ಡಬ್ಬಿಗೇ ಹಾಕಿ. ಒಂದು ನೊಣ ಇನ್ನೂರರಷ್ಟು ಇಡುತ್ತದೆ, ಒಂದೇ ದಿನಕ್ಕೆ ಮರಿಯಾಗುತ್ತವೆ.

ನಿಮ್ಮದು ಕೊಂಬಿನ ಬುಡ. ಕೊಂಬು ಮುರಿದು ಒಳಗೆ ಟೊಳ್ಳು ಕಾಣುತ್ತಿದ್ದರೆ ಏನನ್ನೂ ಸುರಿಯಬೇಡಿ, ಅದು ಮೂಗಿನ ಕಡೆಗೆ ದಾರಿ. ಪಶುವೈದ್ಯರನ್ನು ಕರೆಯಿರಿ. ಕಣ್ಣು, ಮೂಗು, ಕರು ಹಾಕಿದ ಜಾಗವೂ ಹಾಗೇ. ಐವರ್ಮೆಕ್ಟಿನ್ ಸೂಜಿಯನ್ನು ಹಾಲು ಕರೆಯುವ ಹಸುವಿಗೆ ನೀವೇ ಹಾಕಬೇಡಿ, ಹಾಲಿನಲ್ಲಿ ಬರುತ್ತದೆ. ಟಾಪಿಕ್ಯೂರ್ ಥರದ ಸ್ಪ್ರೇ ನೊಣ ಕೂರದಂತೆ ಸುತ್ತ ಹೊಡೆಯಲು ಚೆನ್ನಾಗಿದೆ. ಆಳದ ಹುಳಕ್ಕೆ ಅದೊಂದನ್ನೇ ನಂಬಿ ಕೂರಬೇಡಿ, ಯಾವ ಕಂಪನಿಯದೇ ಆಗಲಿ.

ಇನ್ನು ಬಂಜೆ ನೊಣ. ಅಂಗಡಿಯಲ್ಲಿ ಸಿಗಲ್ಲ. ಇದೇ ಚರ್ಚೆಯಲ್ಲಿ ಒಬ್ಬರು ವಿಕಿರಣ ಕೊಟ್ಟ ಬಂಜೆ ನೊಣ ಹಾರಿಬಿಟ್ಟರೆ ಮನೆ ನೊಣವೂ ಹೋಗುತ್ತೆ ಅಂದಿದ್ದಾರೆ. ಅರ್ಧ ಸರಿ. ವಿಕಿರಣ ಕೊಟ್ಟು ಬಂಜೆ ಮಾಡುವುದು ನಿಜ, ಆದರೆ ಯಾವ ಜಾತಿಯ ಗೂಡಿಗೆ ಕೊಡುತ್ತಾರೋ ಆ ಜಾತಿಗೆ ಮಾತ್ರ. ಅಲ್ಲಿನ ಹುಳದ ನೊಣದ ಹೆಣ್ಣು ಸಾಮಾನ್ಯವಾಗಿ ಬದುಕಿನಲ್ಲಿ ಒಂದೇ ಸಲ ಕೂಡುತ್ತದೆ. ಬಂಜೆ ಗಂಡಿನ ಜೊತೆ ಕೂಡಿದರೆ ಅದರ ಮೊಟ್ಟೆಯೆಲ್ಲ ಜೊಳ್ಳು. ಒಂದು ಕಾಡು ಗಂಡಿಗೆ ಒಂಬತ್ತು ಬಂಜೆ ಗಂಡು ಬಿಟ್ಟರೆ, ಎಲ್ಲವೂ ಸಮಬಲ ಅಂದುಕೊಂಡರೂ, ಹತ್ತರಲ್ಲಿ ಒಂಬತ್ತು ಹೆಣ್ಣು ವ್ಯರ್ಥ. ಮುಂದಿನ ತಲೆಮಾರು ಕುಗ್ಗುತ್ತದೆ, ಆಗ ಅಷ್ಟೇ ಬಂಜೆ ನೊಣ ಇನ್ನೂ ಜೋರಾಗಿ ಕೆಲಸ ಮಾಡುತ್ತದೆ. ನಿಪ್ಲಿಂಗ್ ಮತ್ತು ಬುಶ್‌ಲ್ಯಾಂಡ್ ಅನ್ನುವ ಅಮೆರಿಕದ ವಿಜ್ಞಾನಿಗಳ ಈ ಯೋಚನೆ 1954ರಲ್ಲಿ ಕೆರಿಬಿಯನ್ ಕಡಲಿನ ಕುರಾಸೋ ದ್ವೀಪದಲ್ಲಿ ಗೆದ್ದಿತು. 1966ಕ್ಕೆ ತನ್ನ ನೆಲದಿಂದ ಈ ನೊಣ ತೊಲಗಿತು ಅಂತ ಅಮೆರಿಕ ಸಾರಿತು, ಆಮೇಲೂ ಅದು ಮತ್ತೆ ನುಗ್ಗಿತ್ತು. ಪನಾಮಾದಲ್ಲಿ ವಾರವಾರ ವಿಮಾನದಿಂದ ಬಿಟ್ಟು ತಡೆದಿದ್ದರೂ 2023ರಿಂದ ಅದು ಉತ್ತರಕ್ಕೆ ಏರಿ 2024ರ ನವೆಂಬರ್‌ನಲ್ಲಿ ಮೆಕ್ಸಿಕೊ ತಲುಪಿತು. ನಮ್ಮಲ್ಲಿರುವುದು ಬೇರೆ ಜಾತಿ. ಆಸ್ಟ್ರೇಲಿಯಾದವರು ಪಪುವಾ ನ್ಯೂಗಿನಿಯಲ್ಲಿ ಅದರ ಮೇಲೆ ಪ್ರಯೋಗ ಮಾಡಿದ್ದಾರೆ. ಇಲ್ಲಿ ಒಂದು ಊರಲ್ಲಿ ಬಿಟ್ಟರೆ ಏನೂ ಆಗದು, ಪಕ್ಕದ ಊರಲ್ಲಿ ಬಸಿರಾದ ಹೆಣ್ಣು ಹಾರಿ ಬರುತ್ತದೆ.

ನಾಯಿ ಉಣ್ಣೆ ಬಗ್ಗೆ ಕೇಳಿದ ಅಕ್ಕ, ಅದು ಬೇರೆ ವಿಷಯ, ಹೊಸದಾಗಿ ಬರೆಯಿರಿ. ಆದರೆ ಉಣ್ಣೆ ಕಚ್ಚಿದ ಜಾಗದಲ್ಲೂ ಹುಳ ಬೀಳುತ್ತೆ ಅನ್ನೋದು ಮಾತ್ರ ನೆನಪಿರಲಿ.

ಅಜ್ಜಿಯ ಕಾಲಿನ ಹುಣ್ಣಿಗೆ ಹುಳ ಬಿದ್ದಿದೆ ಅಂತ ಬರೆದವರೇ, ಈ ಎಣ್ಣೆ ಕೆಲಸ ನೀವು ಮಾಡಬೇಡಿ. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ ಕಾಲಲ್ಲಿ ನೋವೇ ಗೊತ್ತಾಗದೆ ಇರಬಹುದು, ಹುಳ ಎಲುಬಿನವರೆಗೂ ಹೋಗಿರಬಹುದು. ಇವತ್ತೇ ಆಸ್ಪತ್ರೆಗೆ ಹೊರಡಿ. ಬಟ್ಟೆ ಸುತ್ತಿ ಕರ್ಕೊಂಡು ಹೋಗಿ, ದಾರಿಯಲ್ಲಿ ನೊಣ ಕೂರದಿರಲಿ.

ಅಣ್ಣ, ಫೋಟೊ ಹಾಕಿ. ಕೊಂಬು ಟೊಳ್ಳೋ ಅಲ್ಲವೋ ಮೊದಲು ನೋಡೋಣ.